‘ಅಗತ್ಯ’ ಎಂದರೆ ಎಷ್ಟು? ಕಿಲೋಗೆ 0.83 ಮತ್ತು ಕಿಲೋಗೆ 1.6ರ ನಡುವೆ

ಕಾರವಾರದ ಜಿಮ್‌ನಲ್ಲಿ ಹೊಸದಾಗಿ ಭಾರ ಎತ್ತಲು ಶುರುಮಾಡಿದ ಹುಡುಗ ‘ದಿನಕ್ಕೆ ದೇಹತೂಕದ ಕಿಲೋಗೆ ಎರಡು ಗ್ರಾಂ ಪ್ರೋಟೀನ್ ಅಗತ್ಯ’ ಎನ್ನುತ್ತಾನೆ. ಶಿರಸಿಯ ಅಮ್ಮ ‘ಅನ್ನ, ತೊವ್ವೆಲಿ ಎಲ್ಲಾ ಇದ್ದು ತಮಾ’ ಎನ್ನುತ್ತಾಳೆ. ಇಬ್ಬರೂ ಹೇಳುತ್ತಿರುವುದು ಅಗತ್ಯದ ಬಗ್ಗೆಯೇ, ಆದರೆ ಆ ಪದಕ್ಕೆ ಇಬ್ಬರೂ ಕೊಡುವ ಅರ್ಥ ಬೇರೆ. ಹಾಗಾಗಿ ಈ ಜಗಳ ಎಂದೂ ಮುಗಿಯುವುದಿಲ್ಲ.

ಪ್ರೋಟೀನಿಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಒಳ್ಳೆಯ ಪದ ಇತ್ತು: ಸಸಾರಜನಕ. ಸಾರಜನಕ ಎಂದರೆ ನೈಟ್ರೋಜನ್. ಅದನ್ನು ಒಳಗೊಂಡದ್ದು ಸಸಾರಜನಕ. ‘ಪ್ರೋಟೀನ್’ ಹುಟ್ಟಿದ್ದು ‘ಮೊದಲನೆಯದು’ ಎಂಬ ಅರ್ಥದ ಗ್ರೀಕ್ ಪದದಿಂದ. 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಅದನ್ನು ಬಳಕೆಗೆ ತಂದರು, ಹೆಸರು ಸೂಚಿಸಿದವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್. ಗ್ರೀಕ್ ಪದ ವಸ್ತುವಿನ ಹಿರಿಮೆಯನ್ನಷ್ಟೇ ಹೇಳುತ್ತದೆ. ಕನ್ನಡ ಪದ ಅದನ್ನು ಅಳೆಯುವ ಬಗೆಯನ್ನೇ ಹೇಳಿಬಿಡುತ್ತದೆ, ಏಕೆಂದರೆ ಪ್ರೋಟೀನ್ ಅಗತ್ಯದ ಲೆಕ್ಕ ಹುಟ್ಟಿದ್ದೇ ಸಾರಜನಕದಿಂದ.

ಪ್ರೋಟೀನಿನ ತೂಕದಲ್ಲಿ ಸುಮಾರು 16 ಪ್ರತಿಶತ ಸಾರಜನಕ ಇರುತ್ತದೆ. ಆದ್ದರಿಂದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ತೂಕ ಸಿಗುತ್ತದೆ. ಸಂಶೋಧಕರು ಜನರಿಗೆ ಅಳತೆ ಮಾಡಿದ ಊಟ ಕೊಟ್ಟು ಒಳಗೆ ಹೋದ ಸಾರಜನಕ ಎಷ್ಟು, ಮೂತ್ರ, ಮಲ, ಬೆವರಿನಲ್ಲಿ ಹೊರಬಂದದ್ದು ಎಷ್ಟು ಎಂದು ನೋಡಿದರು. ಎರಡೂ ಸಮವಾಗುವ ಮಟ್ಟ ದಿನಕ್ಕೆ ದೇಹದ ಪ್ರತಿ ಕಿಲೋಗೆ ಸುಮಾರು 105 ಮಿಲಿಗ್ರಾಂ ಸಾರಜನಕ. ಅದನ್ನು 6.25ರಿಂದ ಗುಣಿಸಿದರೆ 0.66 ಗ್ರಾಂ ಪ್ರೋಟೀನ್. ಆದರೆ ಇದು ಸರಾಸರಿ. ಅರ್ಧದಷ್ಟು ಜನರಿಗೆ ಇದಕ್ಕಿಂತ ಕಡಿಮೆ ಸಾಕು, ಉಳಿದರ್ಧಕ್ಕೆ ಇಷ್ಟು ಸಾಲದು. ಬಹುತೇಕ ಎಲ್ಲರಿಗೂ ಸಾಲುವಂತೆ ಮೇಲೆ ಒಂದಿಷ್ಟು ಸೇರಿಸಿದಾಗ ಬಂದದ್ದು 0.83. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಿನ ಸಂಸ್ಥೆಗಳ 2007ರ ವರದಿಯಲ್ಲಿರುವುದೂ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತೀಯರಿಗೆ ಶಿಫಾರಸು ಮಾಡಿದ್ದೂ ಇದೇ 0.83.

ಹಾಗಾದರೆ 0.83 ಏನನ್ನು ಹೇಳುತ್ತದೆ? ಇಷ್ಟು ತಿಂದರೆ, ಶಕ್ತಿಗೆ ಬೇಕಾದಷ್ಟು ಬೇರೆ ಊಟವೂ ಹೊಟ್ಟೆಗೆ ಬಿದ್ದರೆ, ಇರುವ ಸ್ನಾಯು ಕರಗುವುದಿಲ್ಲ, ಅಷ್ಟೇ. ಹೊಸ ಸ್ನಾಯು ಕಟ್ಟಲು ಎಷ್ಟು ಬೇಕೆಂಬ ಪ್ರಶ್ನೆಯನ್ನು ಆ ಪ್ರಯೋಗಗಳಲ್ಲಿ ಕೇಳಿಯೇ ಇರಲಿಲ್ಲ. ‘ಸರ್ಕಾರದ ಲೆಕ್ಕ 0.83, ಅದಕ್ಕಿಂತ ಹೆಚ್ಚು ತಿಂದರೆ ವ್ಯರ್ಥ’ ಎನ್ನುವವರು ಎಡವುವುದು ಇಲ್ಲಿ. ಒಂದು ಎಚ್ಚರವನ್ನೂ ಸೇರಿಸಬೇಕು. 0.83 ಎಂಬುದು ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ ಹಾಕಿದ ಲೆಕ್ಕ. ಅಕ್ಕಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಹೀಗಾಗಿ ಊಟದ ಬಹುಭಾಗ ಅನ್ನವೇ ಆಗಿದ್ದರೆ ಕಿಲೋಗೆ 1 ಗ್ರಾಂ ಎಂದಿಟ್ಟುಕೊಳ್ಳುವುದು ಸರಿ. ಬೇಳೆಯಲ್ಲಿ ಲೈಸೀನ್ ಧಾರಾಳವಾಗಿದೆ, ಆದ್ದರಿಂದ ತೊವ್ವೆ ದಪ್ಪಗಿರಬೇಕು. ತಿಳಿಸಾರಿನಿಂದ ಈ ಕೆಲಸ ಆಗದು.

ಭಾರ ಎತ್ತುವವರ ಅಂಕಿ ಬಂದದ್ದು ಬೇರೆಯೇ ಪ್ರಶ್ನೆಯಿಂದ. ಅಲ್ಲಿ ಅಳೆದದ್ದು ಸಾರಜನಕದ ಸಮತೋಲನವಲ್ಲ. ವಾರಗಟ್ಟಲೆ ಭಾರ ಎತ್ತಿದ ಮೇಲೆ ಕೊಬ್ಬು ಬಿಟ್ಟು ಉಳಿದ ದೇಹತೂಕ ಎಷ್ಟು ಹೆಚ್ಚಿತು ಎಂಬುದನ್ನು. 2018ರಲ್ಲಿ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಪ್ರೋಟೀನ್ ಹೆಚ್ಚಿದಂತೆ ಈ ಲಾಭ ಹೆಚ್ಚುತ್ತ ಹೋಗಿ, ಕಿಲೋಗೆ ಸುಮಾರು 1.6 ಗ್ರಾಂ ಬಳಿ ನಿಂತಿತು. ಅಂದರೆ 1.6 ಎಂಬುದು ‘ಇದಕ್ಕಿಂತ ಕೆಳಗೆ ಇಳಿಯಬೇಡಿ’ ಎನ್ನುವ ಗಡಿಯಲ್ಲ, ‘ಇದರಾಚೆ ಹೆಚ್ಚು ಸಿಗುವುದಿಲ್ಲ’ ಎನ್ನುವ ಗಡಿ. 0.83 ತಳವಾದರೆ 1.6 ಛಾವಣಿ. ತಳವನ್ನೂ ಛಾವಣಿಯನ್ನೂ ‘ಅಗತ್ಯ’ ಎಂಬ ಒಂದೇ ಪದದಿಂದ ಕರೆದದ್ದೇ ಗೊಂದಲದ ಮೂಲ. ಭಾರ ಎತ್ತುವವನು 1.2ರಲ್ಲಿ ನಿಂತರೆ ಸ್ನಾಯು ಬೆಳೆಯುವುದು ನಿಲ್ಲುವುದಿಲ್ಲ. ಹೆಚ್ಚುವರಿ ಪ್ರೋಟೀನಿನಿಂದ ಆ ಪ್ರಯೋಗಗಳಲ್ಲಿ ಸರಾಸರಿ ಸಿಕ್ಕ ಲಾಭವೇ ಸುಮಾರು 300 ಗ್ರಾಂ. ಬೆಳವಣಿಗೆಯ ಬಹುಪಾಲು ಬಂದದ್ದು ಭಾರ ಎತ್ತಿದ್ದರಿಂದ.

ಹಾಗಾದರೆ ‘ಎರಡು ಗ್ರಾಂ’ ಎಲ್ಲಿಂದ ಬಂತು? 1.6 ಒಂದು ಅಂದಾಜು. ಅದರ ಅನಿಶ್ಚಿತತೆಯ ಮೇಲಂಚು 2.2. ಅಮೆರಿಕದ ಜಿಮ್‌ಗಳ ಹಳೆಯ ರೂಢಿಮಾತು ‘ಪೌಂಡಿಗೆ ಒಂದು ಗ್ರಾಂ’. ಕಿಲೋಗೆ 2.2 ಪೌಂಡ್, ಆದ್ದರಿಂದ ಅದೂ 2.2ಕ್ಕೇ ಬಂದು ನಿಲ್ಲುತ್ತದೆ. ಕೆಲವರು ಪೌಂಡಿನ ಮಾತನ್ನು ಮರೆತು ಅಂಕಿಯನ್ನಷ್ಟೇ ಹಿಡಿದುಕೊಂಡಿದ್ದಾರೆ, ಇನ್ನು ಕೆಲವರು ಪೌಂಡಿನಲ್ಲಿ ತೂಗಿದ ದೇಹವನ್ನು ಎರಡರಿಂದ ಗುಣಿಸುತ್ತಾರೆ. ಎರಡನೆಯವರ ಲೆಕ್ಕ ದುಪ್ಪಟ್ಟಿಗಿಂತಲೂ ಹೆಚ್ಚಾಗಿಬಿಡುತ್ತದೆ.

ಈಗ ತಟ್ಟೆಗೆ ಬರೋಣ. 60 ಕಿಲೋ ತೂಗುವ, ಅಂಕೋಲೆಯ ಕಚೇರಿಯಲ್ಲಿ ದಿನವಿಡೀ ಕೂತು ಕೆಲಸ ಮಾಡುವ ಒಬ್ಬರನ್ನು ತೆಗೆದುಕೊಳ್ಳಿ. 60ನ್ನು 0.83ರಿಂದ ಗುಣಿಸಿದರೆ 50 ಗ್ರಾಂ. ದಿನಕ್ಕೆ 250 ಗ್ರಾಂ ಅಕ್ಕಿಯಿಂದ 19 ಗ್ರಾಂ, 40 ಗ್ರಾಂ ತೊಗರಿಬೇಳೆಯಿಂದ 8, ಹಾಲು ಮೊಸರು ಸೇರಿ 300 ಮಿಲಿಲೀಟರಿನಿಂದ 9, ಕಾಯಿ ತರಕಾರಿಗಳಿಂದ ಸುಮಾರು 5. ಒಟ್ಟು 41. ಮಧ್ಯಾಹ್ನ ಮುಳ್ಳು ತೆಗೆದ ಬಂಗಡೆ 100 ಗ್ರಾಂ ತಿಂದರೆ ಇನ್ನೂ 19 ಸೇರಿ 60 ಆಯಿತು. ಇವರು ಪ್ರೋಟೀನ್ ಪುಡಿಯ ಡಬ್ಬಿ ಕೊಂಡು ತರಬೇಕಿಲ್ಲ.

ಇದೇ ಊಟವನ್ನು ಮೀನಿಲ್ಲದೆ ಉಣ್ಣುವ ಶಿರಸಿಯವರಿಗೆ 41ರಲ್ಲೇ ನಿಂತಿತು. ಅನ್ನ ಹೆಚ್ಚಿರುವ ಊಟವಾದ್ದರಿಂದ ಅವರ ಗುರಿ ಕಿಲೋಗೆ 1 ಗ್ರಾಂ, ಅಂದರೆ 60. ಇಲ್ಲಿ ಅಮ್ಮನ ಮಾತು ಸೋಲುತ್ತದೆ. ಆದರೆ 40 ಗ್ರಾಂ ಹೆಸರುಕಾಳಿನ ಉಸಲಿ 9 ಗ್ರಾಂ ಕೊಡುತ್ತದೆ, ಇನ್ನೊಂದು ದೊಡ್ಡ ಲೋಟ ಹಾಲು 8. ಮೇಲೆ ಒಂದು ಹಿಡಿ ಶೇಂಗಾ ಸೇರಿದರೆ ಕೊರತೆ ತುಂಬಿತು.

ಇಬ್ಬರೂ ವಾರಕ್ಕೆ ಮೂರು ದಿನ ಭಾರ ಎತ್ತತೊಡಗಿದರೆ 1.6ರ ಲೆಕ್ಕದಲ್ಲಿ ಗುರಿ 96 ಗ್ರಾಂ. ಅಂಕೋಲೆಯವರಿಗೆ ಇನ್ನು ಬೇಕಾದದ್ದು 36: ರಾತ್ರಿಗೂ ಅಷ್ಟೇ ಮೀನು, ಜೊತೆಗೆ ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು. ಶಿರಸಿಯವರು 60ರಿಂದ ಏರಬೇಕು: 100 ಗ್ರಾಂ ಪನೀರಿನಿಂದ 18, ಒಣಗಿದ 30 ಗ್ರಾಂ ಸೋಯಾ ಚಂಕ್ಸ್‌ನಿಂದ 15 ಸಿಗುತ್ತವೆ. ಪುಡಿ ಡಬ್ಬಿಯಿಲ್ಲದೆಯೂ ಗುರಿಯ ಹತ್ತಿರಕ್ಕೆ ಬಂದಾಯಿತು.

ಮನೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ತಕ್ಕಡಿಯಲ್ಲಿ. 100 ಗ್ರಾಂ ಬಂಗಡೆ ಎಂದರೆ 100 ಗ್ರಾಂ ಪ್ರೋಟೀನ್ ಅಲ್ಲ. ಬೇಳೆಯ ಅಂಕಿ ಇರುವುದು ಹಸಿ ಬೇಳೆಗೆ. ಬೆಂದ ತೊವ್ವೆ ನೀರು ಕುಡಿದಿರುತ್ತದೆ, ಹಾಗಾಗಿ 100 ಗ್ರಾಂ ತೊವ್ವೆಯಲ್ಲಿ 21 ಗ್ರಾಂ ಹುಡುಕಬಾರದು, ನಾಲ್ಕೈದು ಸಿಗಬಹುದು. ಮೀನನ್ನು ಮಾರುಕಟ್ಟೆಯಲ್ಲಿ ತಲೆ, ಮುಳ್ಳು ಸಮೇತ ತೂಗುತ್ತಾರೆ, ತಿನ್ನಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

‘ಪ್ರತಿ ಕಿಲೋ’ ಎಂಬುದರಲ್ಲಿ ಯಾವ ಕಿಲೋ ಎಂಬ ಪ್ರಶ್ನೆಯೂ ಇದೆ. 165 ಸೆಂಟಿಮೀಟರ್ ಎತ್ತರದವರು ಬೊಜ್ಜು ಸೇರಿ 90 ಕಿಲೋ ಇದ್ದರೆ 144 ಗ್ರಾಂ ತಿನ್ನಬೇಕಿಲ್ಲ, ಏಕೆಂದರೆ ಕೊಬ್ಬಿಗೆ ಸ್ನಾಯುವಿನಷ್ಟು ಪ್ರೋಟೀನ್ ಬೇಡ. ಆ ಎತ್ತರಕ್ಕೆ ಒಪ್ಪುವ 62 ಕಿಲೋವನ್ನು ಹಿಡಿದರೆ 99 ಗ್ರಾಂ ಬರುತ್ತದೆ. ಕಿಡ್ನಿಯ ಕಾಯಿಲೆ ಇರುವವರಿಗೆ ಈ ಎರಡೂ ಅಂಕಿಗಳು ಅನ್ವಯಿಸುವುದಿಲ್ಲ, ಅವರ ಪ್ರಮಾಣವನ್ನು ವೈದ್ಯರು ರಕ್ತಪರೀಕ್ಷೆ ನೋಡಿ ನಿಗದಿಪಡಿಸಬೇಕು.