ಹನ್ನೆರಡು ಶೀಟಿಗೆ ಒಂದೇ ಹೆಡಿಂಗ್

ಒಮ್ಮೆ ನನ್ನ ಕೈಯಲ್ಲಿ 12 ಶೀಟಿನ ಒಂದು ಎಕ್ಸೆಲ್ ಫೈಲ್ ಇತ್ತು. ತಿಂಗಳಿಗೊಂದು ಶೀಟು. ಪ್ರತಿ ಶೀಟಿನ ಮೂರನೇ ಸಾಲು ಹೆಡಿಂಗ್: ಕಡು ನೀಲಿ ಹಿನ್ನೆಲೆ, ಬಿಳಿ ದಪ್ಪ ಅಕ್ಷರ, ಕೆಳಗೊಂದು ಗೆರೆ. ಜನವರಿ ಶೀಟಿನಲ್ಲಿ ಅದನ್ನು ಚೆಂದ ಮಾಡಿಕೊಂಡು, ಫಾರ್ಮ್ಯಾಟ್ ಪೇಂಟರ್ ಬ್ರಷ್ ಹಿಡಿದು ಉಳಿದ 11 ಶೀಟಿಗೂ ಬಳಿದಿದ್ದೆ. ಒಂದು ಸಲ ಕ್ಲಿಕ್ ಮಾಡಿದರೆ ಬ್ರಷ್ ಒಂದೇ ಸಲ ಬಳಿಯುತ್ತದೆ. ಡಬಲ್ ಕ್ಲಿಕ್ ಮಾಡಿದರೆ Esc ಒತ್ತುವವರೆಗೂ ಕೈಯಲ್ಲೇ ಇರುತ್ತದೆ, ಶೀಟಿನಿಂದ ಶೀಟಿಗೆ ಹೋಗುತ್ತಾ ಬಳಿಯಬಹುದು. ಐದು ನಿಮಿಷದ ಕೆಲಸ.

ಎರಡು ದಿನ ಬಿಟ್ಟು ಫೈಲ್ ಕೇಳಿದವರು, "ನೀಲಿ ಬೇಡ, ಹಸಿರು ಮಾಡಿಬಿಡಿ" ಅಂದರು. ಮತ್ತೆ ಬ್ರಷ್, ಮತ್ತೆ 11 ಶೀಟು. ಆಗಸ್ಟ್ ಶೀಟಿನಲ್ಲಿ ಕೊನೆಯ ಎರಡು ಕಾಲಂ ಬಿಟ್ಟುಹೋಗಿದ್ದು ಪ್ರಿಂಟ್ ಆದಮೇಲೆ ಕಣ್ಣಿಗೆ ಬಿತ್ತು. ಅದಕ್ಕಿಂತ ಜಾಸ್ತಿ ಗಾಬರಿಯಾಗಿದ್ದು ಬೇರೆ ಕಡೆ. ಪ್ರತಿ ಶೀಟಿನ ಹೆಡಿಂಗ್ ಸಾಲಿನ ಮೊದಲ ಸೆಲ್ B3ಯಲ್ಲಿ ಆ ತಿಂಗಳ ಮೊದಲ ತಾರೀಕು ಇರಬೇಕಿತ್ತು. ಜನವರಿ ಶೀಟಿನಲ್ಲಿ ಆ ಜಾಗದಲ್ಲಿ ಈಗ 45,658.00 ಅಂತ ಕೂತಿತ್ತು.

ತಾರೀಕು ಎಲ್ಲಿಗೂ ಹೋಗಿರಲಿಲ್ಲ. ಎಕ್ಸೆಲ್ ಲೆಕ್ಕದಲ್ಲಿ ತಾರೀಕು ಅಂದರೆ ಒಂದು ಸಂಖ್ಯೆ ಅಷ್ಟೇ. 2025ರ ಜನವರಿ 1 ಅಂದರೆ 45658. ಅದನ್ನು ತಾರೀಕಿನಂತೆ ತೋರಿಸಬೇಕೋ ದುಡ್ಡಿನ ಮೊತ್ತದಂತೆ ತೋರಿಸಬೇಕೋ ಅನ್ನುವುದು ಫಾರ್ಮ್ಯಾಟಿನ ಕೆಲಸ. ನಾನು ಹಸಿರು ಬಣ್ಣವನ್ನು ಮೊದಲು ಹಾಕಿ ನೋಡಿದ್ದು ಒಂದು ಮೊತ್ತದ ಸೆಲ್ ಮೇಲೆ. ಬ್ರಷ್ ಅದ್ದಿದ್ದೂ ಅಲ್ಲಿಂದಲೇ. ನನಗೆ ಬೇಕಿದ್ದದ್ದು ಬಣ್ಣ. ಬ್ರಷ್ ಹೊತ್ತುಕೊಂಡು ಹೋದದ್ದು ಎಲ್ಲವನ್ನೂ.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಫೈಲ್ ಒಳಗೆ ಒಮ್ಮೆ ಇಣುಕಬೇಕು. `.xlsx` ಫೈಲ್ ನಿಜಕ್ಕೂ ಒಂದು ಜಿಪ್ ಫೈಲ್. ಒಂದು ಕಾಪಿ ಮಾಡಿಕೊಂಡು, ಹೆಸರಿನ ಕೊನೆಗೆ `.zip` ಅಂತ ಬದಲಿಸಿ ತೆರೆದರೆ ಒಳಗಿನ ಕಡತಗಳು ಕಾಣುತ್ತವೆ. ಅಲ್ಲಿ ನಮ್ಮ ಸೆಲ್ ಹೀಗಿರುತ್ತದೆ:

```xml
<c r="B3" s="7"><v>45658</v></c>
```

ನೀಲಿ ಎಲ್ಲಿದೆ? ದಪ್ಪ ಅಕ್ಷರ ಎಲ್ಲಿದೆ? ಸೆಲ್ ಒಳಗೆ ಅದ್ಯಾವುದೂ ಇಲ್ಲ. ಇರುವುದು `s="7"` ಅನ್ನುವ ಒಂದು ಚೀಟಿ ಮಾತ್ರ. ಇಡೀ ವರ್ಕ್‌ಬುಕ್ಕಿಗೆ ಸೇರಿ `styles.xml` ಅನ್ನುವ ಒಂದೇ ಕಡತ ಇರುತ್ತದೆ. ಅದರಲ್ಲಿರುವ ಫಾರ್ಮ್ಯಾಟುಗಳ ಪಟ್ಟಿಯಲ್ಲಿ 7ನೇ ನಂಬರಿನದು ಇಂಥದ್ದು:

```xml
<xf numFmtId="14" fontId="2" fillId="3" borderId="1" xfId="0"/>
```

ಫಾಂಟು, ಫಿಲ್ಲು, ಬಾರ್ಡರು ಬೇರೆ ಬೇರೆ ಪಟ್ಟಿಗಳಲ್ಲಿವೆ. ಈ ಒಂದು ಸಾಲು ಅವನ್ನೆಲ್ಲ ಒಟ್ಟಿಗೆ ಕಟ್ಟುತ್ತದೆ. `numFmtId="14"` ಅಂದರೆ ತಾರೀಕಿನ ರೂಪ. ಅದೇ 4 ಆಗಿದ್ದರೆ ಅಲ್ಪವಿರಾಮ ಹಾಕಿ ಎರಡು ದಶಮಾಂಶ ತೋರಿಸುವ ರೂಪ. ಬ್ರಷ್ ಬಳಿದಾಗ ಆಗುವುದು ಇಷ್ಟೇ: ಒಂದು ಸೆಲ್ಲಿನ ಚೀಟಿ ಇನ್ನೊಂದಕ್ಕೆ ಅಂಟುತ್ತದೆ. ಚೀಟಿಯಲ್ಲಿ ಅರ್ಧ ಹರಿದು ಕೊಡೋಕೆ ಬರಲ್ಲ. ಹಾಗಾಗಿ ಸಂಖ್ಯೆಯ ರೂಪ, ಅಕ್ಷರ ಎಡಕ್ಕೋ ಬಲಕ್ಕೋ, ಸೆಲ್‌ಗೆ ಬೀಗ ಇದೆಯೋ ಇಲ್ಲವೋ, ಎಲ್ಲವೂ ಜೊತೆಗೇ ಬರುತ್ತವೆ. ನನ್ನ B3ಯಲ್ಲಿ `45658` ಹಾಗೇ ಇತ್ತು, ಚೀಟಿ ಬದಲಾಗಿತ್ತು.

ಆ ಸಾಲಿನ ಕೊನೆಯಲ್ಲಿರುವ `xfId="0"` ನೋಡಿ. ನಮ್ಮ ತಲೆನೋವಿಗೆ ಮದ್ದು ಇರುವುದು ಅಲ್ಲೇ. ಈ ಫಾರ್ಮ್ಯಾಟು ಯಾವ ಸ್ಟೈಲಿಗೆ, ಅಂದರೆ ಹೆಸರಿಟ್ಟ ಯಾವ ಫಾರ್ಮ್ಯಾಟಿಗೆ, ಸೇರಿದ್ದು ಅಂತ ಅದು ಹೇಳುತ್ತದೆ. ಸೊನ್ನೆ ಅಂದರೆ Normal. ನಾವು ಕೈಯಾರೆ ಎಷ್ಟೇ ಬಣ್ಣ ಬಳಿದರೂ ಎಕ್ಸೆಲ್ ಕಣ್ಣಿಗೆ ಆ ಸೆಲ್ ಇನ್ನೂ Normal, ಮೇಲೊಂದಿಷ್ಟು ಬಣ್ಣ ಅಂಟಿದೆ ಅಷ್ಟೇ. 12 ಶೀಟಿನ ನೀಲಿ ಸೆಲ್‌ಗಳೆಲ್ಲ ಒಂದೇ ಜಾತಿಯವು ಅನ್ನುವುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಅವಕ್ಕೊಂದು ಹೆಸರು ಕೊಟ್ಟಿರಲಿಲ್ಲ ಅಲ್ವಾ?

ಹೆಸರು ಕೊಡುವುದು ಹೀಗೆ. ಚೆನ್ನಾಗಿ ಫಾರ್ಮ್ಯಾಟ್ ಮಾಡಿದ ಒಂದು ಹೆಡಿಂಗ್ ಸೆಲ್ ಮೇಲೆ ನಿಂತು, Home ಟ್ಯಾಬಿನಲ್ಲಿ Cell Styles ತೆರೆದು, ಕೆಳಗಿರುವ New Cell Style ಒತ್ತಬೇಕು. ಬರುವ ಪೆಟ್ಟಿಗೆಯಲ್ಲಿ ಮೇಲೆ ಹೆಸರು, ಕೆಳಗೆ ಆರು ಚೌಕ: Number, Alignment, Font, Border, Fill, Protection. ಆ ಸೆಲ್ಲಿನ ಗುಣಗಳೆಲ್ಲ ಆಗಲೇ ತುಂಬಿಕೊಂಡಿರುತ್ತವೆ. ನಾನು Number ಮತ್ತು Protection ಎರಡರ ಟಿಕ್ ತೆಗೆದೆ. ಈಗ ಈ ಸ್ಟೈಲ್ ತಾರೀಕಿನ ಮೇಲೆ ಬಿದ್ದರೆ ತಾರೀಕು ತಾರೀಕಾಗೇ ಉಳಿಯುತ್ತದೆ, ಬೀಗ ಇದ್ದ ಸೆಲ್ ಬೀಗದಲ್ಲೇ ಇರುತ್ತದೆ. ಬ್ರಷ್ಷಿಗೆ ಇಲ್ಲದ ಆಯ್ಕೆ ಇದು. ಈ ಎರಡು ಟಿಕ್ ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಸ್ಟೈಲ್ ಹಾಕಿದ್ದಕ್ಕೇ ತಾರೀಕು ಕೆಟ್ಟಿತು ಅಂತ ಬೈಯುತ್ತಾರೆ.

ಇನ್ನು 12 ಶೀಟಿಗೂ ಹಾಕಬೇಕು. ಜನವರಿ ಟ್ಯಾಬ್ ಒತ್ತಿ, Shift ಹಿಡಿದು ಡಿಸೆಂಬರ್ ಟ್ಯಾಬ್ ಒತ್ತಿದರೆ ಎಲ್ಲ ಶೀಟುಗಳೂ ಒಟ್ಟಿಗೆ ಆಯ್ಕೆಯಾಗುತ್ತವೆ. ಮೇಲೆ ಫೈಲ್ ಹೆಸರಿನ ಪಕ್ಕ Group ಅಂತ ಕಾಣುತ್ತದೆ. B3ಯಿಂದ H3ರವರೆಗೆ ಆರಿಸಿ, ಸ್ಟೈಲ್ ಹೆಸರಿನ ಮೇಲೆ ಒಂದು ಕ್ಲಿಕ್. ಮುಗಿಯಿತು. ಮುಗಿದ ತಕ್ಷಣ ಯಾವುದಾದರೂ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ Ungroup Sheets ಒತ್ತಿಬಿಡಿ. ಗುಂಪಾಗಿದ್ದಾಗ ಒಂದು ಶೀಟಿನಲ್ಲಿ ಟೈಪ್ ಮಾಡಿದ್ದು ಹನ್ನೆರಡರಲ್ಲೂ ಬೀಳುತ್ತದೆ, ಹಳೆಯದನ್ನು ಅಳಿಸಿಕೊಂಡು. ಮುಂದಿರುವ ಶೀಟ್ ಒಂದೇ ಕಾಣುವುದರಿಂದ ಉಳಿದವುಗಳಲ್ಲಿ ಏನಾಯಿತು ಅಂತ ಗೊತ್ತೇ ಆಗಲ್ಲ. ಫಾರ್ಮ್ಯಾಟ್ ಕೆಟ್ಟರೆ ಮತ್ತೆ ಮಾಡಬಹುದು, ಅಂಕಿ ಹೋದರೆ ಕಷ್ಟ.

ಈಗ ನೀಲಿಯನ್ನು ಹಸಿರು ಮಾಡಿ ಅಂದರೆ? Cell Stylesನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್, Modify, Format, Fill ಟ್ಯಾಬಿನಲ್ಲಿ ಹಸಿರು, OK. ಆ ಹೆಸರಿಗೆ ಕಟ್ಟಿಕೊಂಡ ಸೆಲ್ ಯಾವ ಶೀಟಿನಲ್ಲಿದ್ದರೂ ಹಸಿರಾಗುತ್ತದೆ. ಸ್ಟೈಲ್ ಇರುವುದು ಶೀಟಿನಲ್ಲಲ್ಲ, ವರ್ಕ್‌ಬುಕ್ಕಿನಲ್ಲಿ. ಅದಕ್ಕೇ ಅದು ಎಲ್ಲ ಕಡೆ ತಲುಪುತ್ತದೆ. ಇನ್ನೊಂದು ಖುಷಿಯ ವಿಷಯ ಅಂದರೆ, ಸ್ಟೈಲ್ ಇರುವ ಸೆಲ್ಲಿನಿಂದ ಬ್ರಷ್ ಅದ್ದಿದರೆ ಚೀಟಿಯ ಜೊತೆ ಆ ಹೆಸರೂ ಬರುತ್ತದೆ. ಆಮೇಲೆ ಸೇರಿಸಿದ ಹೊಸ ಕಾಲಮ್ಮಿಗೆ ಬ್ರಷ್‌ನಿಂದಲೇ ಬಳಿಯಬಹುದು, ಮುಂದೆ ಬಣ್ಣ ಬದಲಿಸಿದರೆ ಅದೂ ಬದಲಾಗುತ್ತದೆ. ಸಂಖ್ಯೆಯ ರೂಪವೂ ಜೊತೆಗೇ ಬರುವುದರಿಂದ ತಾರೀಕಿನ ಸೆಲ್ಲುಗಳಿಗೆ ಮಾತ್ರ ಬ್ರಷ್ ಬೇಡ.

ಆದರೂ ಕೆಲವು ಸಲ ಒಂದೆರಡು ಸೆಲ್ ಮಾತು ಕೇಳಲ್ಲ. ನನ್ನ ಫೈಲಿನಲ್ಲಿ ಮೇ ಶೀಟಿನ D3 ಹೀಗೆ ಮಾಡಿತು. ಹಿನ್ನೆಲೆ ಹಸಿರಾಯಿತು, ಆದರೆ ಅಕ್ಷರದ ಬಣ್ಣ ಬಿಳಿಯಿಂದ ತಿಳಿ ಹಳದಿಗೆ ಬದಲಿಸಿದಾಗ ಅದೊಂದು ಬಿಳಿಯಾಗೇ ಉಳಿಯಿತು. ಯಾರೋ ಅಲ್ಲಿ ಇಟಾಲಿಕ್ ಒತ್ತಿ ಹೋಗಿದ್ದರು. ಇಟಾಲಿಕ್‌ಗೂ ಬಣ್ಣಕ್ಕೂ ಏನು ಸಂಬಂಧ ಅನ್ನಿಸಬಹುದು. ಎಕ್ಸೆಲ್ ಈ ಲೆಕ್ಕ ಇಡುವುದು ಆ ಆರು ಗುಂಪುಗಳ ಮಟ್ಟದಲ್ಲಿ. ಇಟಾಲಿಕ್, ದಪ್ಪ, ಗಾತ್ರ, ಬಣ್ಣ ಎಲ್ಲವೂ Font ಅನ್ನುವ ಒಂದೇ ಗುಂಪು. ಅದರಲ್ಲಿ ಒಂದನ್ನು ಕೈಯಿಂದ ಮುಟ್ಟಿದರೆ, ಈ ಸೆಲ್ಲಿನ ಇಡೀ ಫಾಂಟು ಬಳಕೆದಾರರದ್ದು, ನಾನು ಮುಟ್ಟಲ್ಲ ಅಂತ ಎಕ್ಸೆಲ್ ಸುಮ್ಮನಾಗುತ್ತದೆ. ಗ್ಯಾಲರಿಯಲ್ಲಿ ನೋಡಿದರೆ ಸ್ಟೈಲ್ ಹೆಸರು ಇನ್ನೂ ಅದೇ ಇರುತ್ತದೆ, ಅದೇ ದಾರಿ ತಪ್ಪಿಸುವುದು.

ಇಂಥ ಸೆಲ್‌ಗಳನ್ನು ಹಿಡಿಯಲು ನಾನು ಒಂದು ಪುಂಡಾಟ ಮಾಡುತ್ತೇನೆ. ಸ್ಟೈಲನ್ನು ಸ್ವಲ್ಪ ಹೊತ್ತು ಕಣ್ಣಿಗೆ ಹೊಡೆಯುವ ಹಾಗೆ ಬದಲಿಸುವುದು: ಗುಲಾಬಿ ಹಿನ್ನೆಲೆ, ಕಡುಗೆಂಪು ಅಕ್ಷರ. ಆಮೇಲೆ Ctrl+Page Down ಒತ್ತುತ್ತಾ ಒಂದೊಂದೇ ಶೀಟ್ ದಾಟುವುದು. ಸ್ವಲ್ಪವೂ ಬದಲಾಗದೇ ಉಳಿದ ಹೆಡಿಂಗಿಗೆ ಸ್ಟೈಲ್ ಇಲ್ಲವೇ ಇಲ್ಲ, ಅಥವಾ ಯಾರೋ ಬೇರೆಯದನ್ನು ಕೊಟ್ಟಿದ್ದಾರೆ. ಹಿನ್ನೆಲೆ ಮಾತ್ರ ಬದಲಾಗಿದ್ದರೆ ಫಾಂಟಿಗೆ ಕೈ ಬಿದ್ದಿದೆ. ಎರಡಕ್ಕೂ ಪರಿಹಾರ ಒಂದೇ, ಆ ಸೆಲ್ ಆರಿಸಿ ಸ್ಟೈಲ್ ಹೆಸರನ್ನು ಮತ್ತೊಮ್ಮೆ ಒತ್ತಬೇಕು. ಕೈ ಬಿದ್ದ ಗುರುತು ಅಳಿಸಿಹೋಗುತ್ತದೆ. ಎಲ್ಲ ಸರಿಯಾದಮೇಲೆ Modifyಗೆ ಹೋಗಿ ಬಣ್ಣ ವಾಪಸ್ ಹಾಕಿಬಿಡಿ. ಒಮ್ಮೆ ನಾನು ಗುಲಾಬಿಯಲ್ಲೇ ಕಳಿಸಿಬಿಟ್ಟಿದ್ದೇನೆ.

ಸ್ಟೈಲಿನಿಂದ ಆಗದ ಕೆಲಸ ಬಾರ್ಡರಿನಲ್ಲಿದೆ. ಇಡೀ ಪಟ್ಟಿಯ ಸುತ್ತ ಒಂದು ದಪ್ಪ ಚೌಕಟ್ಟು ಬೇಕು, ಒಳಗೆ ಸಣ್ಣ ಗೆರೆ ಬೇಕು ಅಂದುಕೊಳ್ಳಿ. ಸ್ಟೈಲ್ ಅನ್ನುವುದು ಒಂದು ಸೆಲ್ಲಿನ ವರ್ಣನೆ. ಅದಕ್ಕೆ ತನ್ನ ನಾಲ್ಕು ಬದಿ ಗೊತ್ತು, ಪಟ್ಟಿಯ ಅಂಚು ಎಲ್ಲಿದೆ ಅಂತ ಗೊತ್ತಿಲ್ಲ. ನಾಲ್ಕೂ ಬದಿಗೆ ದಪ್ಪ ಗೆರೆ ಇರುವ ಸ್ಟೈಲನ್ನು ಪಟ್ಟಿಗೆ ಹಾಕಿದರೆ ಪ್ರತಿ ಸೆಲ್ಲಿಗೂ ದಪ್ಪ ಚೌಕಟ್ಟು ಬಂದು ಜೈಲಿನ ಕಿಟಕಿಯಂತೆ ಕಾಣುತ್ತದೆ.

ಹಾಗಾಗಿ ಹೊರ ಚೌಕಟ್ಟನ್ನು ಸ್ಟೈಲಿನಲ್ಲಿ ಇಡಬೇಡಿ. ಎಲ್ಲ ಸ್ಟೈಲುಗಳನ್ನು ಹಾಕಿ ಮುಗಿಸಿ, ಜನವರಿ ಶೀಟಿನಲ್ಲಿ ಮಾತ್ರ ಕೈಯಿಂದ ಚೌಕಟ್ಟು ಎಳೆಯಿರಿ. ಆಮೇಲೆ ಪಟ್ಟಿಯನ್ನು ಆರಿಸಿಕೊಂಡು, ಶೀಟುಗಳನ್ನು ಗುಂಪು ಮಾಡಿ, Home ಟ್ಯಾಬಿನ Fill ಬಟನ್ನಿನಲ್ಲಿ Across Worksheets ಒತ್ತಿ, Formats ಆರಿಸಿ. ಮೊದಲೇ ಆಯ್ಕೆಯಾಗಿರುವುದು All, ಅದನ್ನು ಬದಲಿಸದೇ ಬಿಟ್ಟರೆ ಜನವರಿಯ ಅಂಕಿಗಳು ಎಲ್ಲ ತಿಂಗಳಿಗೂ ಹೋಗಿ ಕೂರುತ್ತವೆ. Formats ಅಂದರೆ ಅದೊಂದು ದೊಡ್ಡ ಬ್ರಷ್ ಇದ್ದ ಹಾಗೆ: ಅದೇ ಜಾಗದ ಸೆಲ್‌ಗಳಿಗೆ ಚೀಟಿಗಳನ್ನು ಹಂಚುತ್ತದೆ. ಎಲ್ಲ ಶೀಟಿನ ಪಟ್ಟಿಯೂ ಅಷ್ಟೇ ಸಾಲು, ಅಷ್ಟೇ ಕಾಲಂ ಇದ್ದರೆ ಮಾತ್ರ ಇದು ಸರಿಹೋಗುತ್ತದೆ. ಫೆಬ್ರವರಿಗೆ 28 ಸಾಲು, ಜನವರಿಗೆ 31 ಸಾಲು ಇದ್ದರೆ ಫೆಬ್ರವರಿಯ ಚೌಕಟ್ಟು ಮೂರು ಸಾಲು ಕೆಳಗೆ ಜೋತಾಡುತ್ತದೆ. ಅಂಥ ಶೀಟಿಗೆ ಕೈಯೇ ಗತಿ.

ಕಾಲಮ್ಮಿನ ಅಗಲವೂ ಸ್ಟೈಲಿನೊಳಗೆ ಬರುವುದಿಲ್ಲ. ಮೇಲಿನ ಕಾಲಂ ಅಕ್ಷರವನ್ನೇ ಒತ್ತಿ ಇಡೀ ಕಾಲಂ ಆರಿಸಿ, ಬ್ರಷ್ ಹಿಡಿದು, ಇನ್ನೊಂದು ಶೀಟಿನ ಕಾಲಂ ಅಕ್ಷರದ ಮೇಲೆ ಒತ್ತಿದರೆ ಅಗಲವೂ ಹೋಗುತ್ತದೆ. ಬ್ರಷ್ಷನ್ನು ಪೂರ್ತಿ ಮೂಲೆಗೆ ಹಾಕಬೇಡಿ.

ಮುಂದಿನ ವರ್ಷದ ಹೊಸ ಫೈಲಿಗೆ ಇದೇ ಸ್ಟೈಲ್ ಬೇಕಾದಾಗ ಎರಡೂ ಫೈಲುಗಳನ್ನು ತೆರೆದಿಟ್ಟು, ಹೊಸದರಲ್ಲಿ Cell Styles, ಆಮೇಲೆ Merge Styles ಒತ್ತಿ ಹಳೆಯದರ ಹೆಸರು ಆರಿಸಿದೆ. ಸ್ಟೈಲುಗಳೆಲ್ಲ ಬಂದವು. ಆದರೆ ಬಂದದ್ದು ಕಾಪಿ. ಹೊಸ ಫೈಲಿನ ಹೆಡಿಂಗನ್ನು ಆಮೇಲೆ ಬೂದು ಮಾಡಿದಾಗ ಹಳೆಯ ಫೈಲಿನ 12 ಶೀಟುಗಳು ಹಸಿರಾಗೇ ಇದ್ದವು. ಅವನ್ನೂ ಬೂದು ಮಾಡಬೇಕು ಅಂದರು. ಹಳೆಯ ಫೈಲ್ ತೆರೆದು ಒಂದು ಸಲ Modify ಮಾಡಿದೆ.