ಮೀಟರ್‌ನಲ್ಲಿ 170, ಎಚ್‌ಬಿಎ1ಸಿ 5.2: ಯಾವುದನ್ನು ನಂಬಬೇಕು?

ಪ್ರಶ್ನೆ: ಖಾಲಿ ಹೊಟ್ಟೆಯಲ್ಲಿ ಸಕ್ಕರೆ 140–150, ಊಟವಾದ ಎರಡು ಗಂಟೆಗೆ 200 ದಾಟುತ್ತದೆ. ಎಚ್‌ಬಿಎ1ಸಿ ಮಾತ್ರ 5.2. ಮನೆತನದಲ್ಲಿ ಥಲಸ್ಸೀಮಿಯಾ, ಸಿಕಲ್ ಸೆಲ್ ಎರಡೂ ಇವೆ. ಯಾವುದು ಸರಿ?

ಉತ್ತರ: ಸದ್ಯಕ್ಕೆ ಮೀಟರನ್ನೇ ನಂಬಿ. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಸಕ್ಕರೆ ಎಷ್ಟು ಅಂಟಿದೆ ಎಂಬ ಅಳತೆ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಸಕ್ಕರೆ ಸಿಗುತ್ತದೆ. 5.2ಕ್ಕೆ ಅದು ಸುಮಾರು 102. ದಿನದಲ್ಲಿ ಸಾಮಾನ್ಯವಾಗಿ ಕಡಿಮೆ ಇರುವ ಖಾಲಿ ಹೊಟ್ಟೆಯ ಸಕ್ಕರೆಯೇ 140 ಇರುವಾಗ ಸರಾಸರಿ 102 ಆಗುವುದು ಹೇಗೆ? ಸರಾಸರಿ 170 ಎಂದಿಟ್ಟುಕೊಂಡರೆ ಎಚ್‌ಬಿಎ1ಸಿ 7.5ರ ಆಸುಪಾಸು ಬರಬೇಕಿತ್ತು.

ಹೀಗಾಗಲು ಎರಡು ದಾರಿಗಳಿವೆ. ಎರಡನ್ನೂ ಬೆರೆಸಿದರೆ ಗೊಂದಲ. ಮೊದಲನೆಯದು ಯಂತ್ರದ ಎಡವಟ್ಟು. ಸಿಕಲ್ ಸೆಲ್ ಟ್ರೇಟ್, ಅಂದರೆ ಕಾಯಿಲೆಯಿಲ್ಲದೆ ಅದರ ಒಂದು ಜೀನ್ ಮಾತ್ರ ಇದ್ದವರ ಹಿಮೋಗ್ಲೋಬಿನ್‌ನಲ್ಲಿ ಸುಮಾರು 35–40% ಎಸ್ ಬಗೆಯದು. ಹಿಮೋಗ್ಲೋಬಿನ್ ಬಗೆಗಳನ್ನು ಬಿಡಿಸಿ ಅಳೆಯುವ ಕೆಲವು ಎಚ್‌ಪಿಎಲ್‌ಸಿ ಯಂತ್ರಗಳು ಅದನ್ನಾಗಲಿ, ಡಿ ಅಥವಾ ಇ ಬಗೆಯನ್ನಾಗಲಿ ಸರಿಯಾಗಿ ಬೇರ್ಪಡಿಸಲಾರವು. ಅಂಕಿ ಮೇಲೂ ಹೋಗಬಹುದು, ಕೆಳಗೂ ಬರಬಹುದು. ಗ್ರಾಫ್‌ನಲ್ಲಿ ಕಾಣುವ ಹೆಚ್ಚುವರಿ ಶಿಖರವೇ ಇದರ ಸುಳಿವು. ಟ್ರೇಟ್ ಇದ್ದವರ ಕೆಂಪು ರಕ್ತಕಣಗಳ ಆಯುಸ್ಸು ಸಾಮಾನ್ಯವೇ ಆದ್ದರಿಂದ, ಆ ಬಗೆ ಅಡ್ಡಿಯಾಗದ ಬೇರೆ ವಿಧಾನದಲ್ಲಿ ಪರೀಕ್ಷಿಸಿದರೆ ಸಾಕು. ಬೊರೊನೇಟ್ ಅಫಿನಿಟಿ ವಿಧಾನಕ್ಕೆ ಇಂಥ ತೊಡಕು ಕಡಿಮೆ. ಆದರೆ ಶಿಶುಗಳಲ್ಲಿ ಹೆಚ್ಚಾಗಿರುವ ಹಿಮೋಗ್ಲೋಬಿನ್ ಬಗೆಯಾದ ಎಚ್‌ಬಿಎಫ್ ಬಹಳ ಹೆಚ್ಚಿದ್ದರೆ ಅದೂ ಕಡಿಮೆ ತೋರಿಸುತ್ತದೆ.

ಎರಡನೆಯದು ಕಣದ ಆಯುಸ್ಸು. ಸುಮಾರು 120 ದಿನ ಬದುಕಬೇಕಾದ ಕಣ ಬೇಗ ಒಡೆದರೆ ಸಕ್ಕರೆ ಅಂಟಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಸಿಕಲ್ ಸೆಲ್ ಕಾಯಿಲೆಯಲ್ಲಿ, ಆಲ್ಫಾ ಥಲಸ್ಸೀಮಿಯಾದ ಒಂದು ರೂಪವಾದ ಎಚ್‌ಬಿಎಚ್ ಕಾಯಿಲೆಯಲ್ಲಿ ಆಗುವುದು ಇದೇ. ಇಲ್ಲಿ ಯಂತ್ರ ಬದಲಿಸಿ ಪ್ರಯೋಜನವಿಲ್ಲ: ಅದು ಇದ್ದದ್ದನ್ನೇ ಸರಿಯಾಗಿ ಅಳೆಯುತ್ತದೆ, ಆ ಅಂಕಿಗೆ ಅರ್ಥವಿರುವುದಿಲ್ಲ.

ಬೀಟಾ ಥಲಸ್ಸೀಮಿಯಾ ಟ್ರೇಟ್ ಮೇಲೆ ಮಾತ್ರ ಎಲ್ಲ ತಪ್ಪನ್ನೂ ಹೊರಿಸಬೇಡಿ. ಅದರಿಂದಾಗುವ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು, 7.5 ಇರಬೇಕಾದದ್ದು 5.2 ಆಗುವಷ್ಟಲ್ಲ. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ ಕಡಿಮೆ, ಕಣಗಳ ಎಣಿಕೆ ಹೆಚ್ಚು, ಹಿಮೋಗ್ಲೋಬಿನ್‌ನ ಇನ್ನೊಂದು ಬಗೆಯಾದ ಎಚ್‌ಬಿಎ2 3.5% ದಾಟಿದೆ ಎಂದರೆ ಈ ಟ್ರೇಟ್ ಇರುವ ಸಂಭವ ಹೆಚ್ಚು. ಜೊತೆಗೆ ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ತುಸು ಏರುತ್ತದೆ, ಎಚ್‌ಬಿಎ2 ಇಳಿದು ಟ್ರೇಟ್ ಮರೆಯಾಗಲೂಬಹುದು. ಆದ್ದರಿಂದ ದೇಹದ ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್ ಕೂಡ ನೋಡಿಸಿ.

ಮಧುಮೇಹ ಇದೆಯೇ ಎಂಬುದನ್ನು ಲ್ಯಾಬಿನಲ್ಲಿ ತೆಗೆದ ರಕ್ತದಿಂದಲೇ ತೀರ್ಮಾನಿಸಬೇಕು: ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು. ನಂತರದ ನಿಗಾಕ್ಕೆ ಫ್ರಕ್ಟೋಸಮೈನ್ ಇದೆ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆದು ಹಿಂದಿನ 2–3 ವಾರಗಳ ಲೆಕ್ಕ ಕೊಡುತ್ತದೆ. ಆ ಪ್ರೋಟೀನುಗಳಲ್ಲಿ ಮುಖ್ಯವಾದ ಆಲ್ಬುಮಿನ್ ಕಡಿಮೆ ಇರುವವರಲ್ಲಿ ಅದೂ ನೆಚ್ಚಿಕೆಯದಲ್ಲ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ. ದಾನಿಯ ಕಣಗಳು ಬೆರೆತಿರುವಾಗ ಎಚ್‌ಬಿಎ1ಸಿಯೂ ಎಚ್‌ಬಿಎ2ವೂ ಪೂರ್ತಿ ನಿಮ್ಮವಾಗಿರುವುದಿಲ್ಲ.