‘ತಿಂಗಳ ಬಡ್ಡಿ’ ಅಂದರೆ ಎಷ್ಟು ದಿನದ್ದು?

“ಬ್ಯಾಂಕಿನವ್ರು ಮಾರ್ಚ್‌ದಾಗ ಬಡ್ಡಿ ಏರಿಸ್ಯಾರ್ರಿ, ನೂರಾ ತೊಂಬತ್ತೇಳು ರೂಪಾಯಿ ಹೆಚ್ಚಿಗಿ ಹಿಡದಾರ” ಅಂತ ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರು ಮೊನ್ನೆ ಪಾಸ್‌ಬುಕ್ ಬಿಚ್ಚಿ ತೋರಿಸಿದರು. ಈ ಮಾತನ್ನು ಪ್ರತಿ ವರ್ಷ ಯುಗಾದಿ ಹೊತ್ತಿಗೆ ಕೇಳುತ್ತೇನೆ. ಬಡ್ಡಿ ದರ ಏರಿರಲಿಲ್ಲ. ಗೊಂದಲವೆಲ್ಲ ‘ತಿಂಗಳ ಬಡ್ಡಿ’ ಎಂಬ ಮಾತಿನದು.

ಹಳಗನ್ನಡದಲ್ಲಿ ತಿಂಗಳ್ ಅಂದರೆ ಚಂದ್ರ. ‘ತಿಂಗಳಬೆಳಕು’ ಅನ್ನುವಾಗ ಆ ಅರ್ಥ ಇನ್ನೂ ಉಳಿದಿದೆ. ಚಂದ್ರನ ಒಂದು ಸುತ್ತಿಗೂ ಅದೇ ಹೆಸರು ಬಂತು. ನಮ್ಮ ಊರುಗಳ ಕೈಸಾಲ ನಡೆಯುವುದು ಈ ಲೆಕ್ಕದ ಮೇಲೆ. ‘ನೂರಕ್ಕ ಒಂದು ರೂಪಾಯಿ’ ಅಂದರೆ ತಿಂಗಳಿಗೆ ಒಂದು ರೂಪಾಯಿ, ದಿನ ಎಷ್ಟೇ ಇರಲಿ. ಎರಡು ಲಕ್ಷಕ್ಕೆ ಫೆಬ್ರವರಿಯಲ್ಲೂ 2,000, ಮಾರ್ಚ್‌ನಲ್ಲೂ 2,000. ಇಲ್ಲಿ ತಿಂಗಳು ಒಡೆಯದ ಒಂದು ಗಟ್ಟಿ.

ಬ್ಯಾಂಕಿನ ಶೇಕಡಾ 12 ಅನ್ನುವುದು ವರ್ಷದ ದರ. ಅದನ್ನು ಒಡೆಯುವುದು 12 ತಿಂಗಳಿಗಲ್ಲ, 365 ದಿನಕ್ಕೆ. ಬಡ್ಡಿ ಎಂಬ ಪದವೇ ಸಂಸ್ಕೃತದ ‘ವೃದ್ಧಿ’ಯ ತದ್ಭವ, ಬೆಳೆಯುವಂಥದ್ದು. ಬ್ಯಾಂಕಿನಲ್ಲಿ ಅದು ದಿನದಿನವೂ ಬೆಳೆಯುತ್ತದೆ, ತಿಂಗಳ ಕೊನೆಗೆ ಖಾತೆಗೆ ಬೀಳುತ್ತದೆ, ಅಷ್ಟೇ.

ವ್ಯಾಪಾರಿಯದು ಓವರ್‌ಡ್ರಾಫ್ಟ್ ಖಾತೆ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಖಾತೆ. ಅದರಲ್ಲಿ ಬಾಕಿ ಎರಡು ಲಕ್ಷ. ತಿಂಗಳ ಬಡ್ಡಿಯನ್ನು ಅವರು ಬಿದ್ದ ದಿನವೇ ಕಟ್ಟುತ್ತಾರೆ, ಹಾಗಾಗಿ ಬಾಕಿ ಕದಲುವುದಿಲ್ಲ. ಒಂದು ದಿನದ ಬಡ್ಡಿ 65 ರೂಪಾಯಿ 75 ಪೈಸೆ ಚಿಲ್ಲರೆ. ಫೆಬ್ರವರಿಯ 28 ದಿನಕ್ಕೆ 1,841.10, ಮಾರ್ಚ್‌ನ 31 ದಿನಕ್ಕೆ 2,038.36. ಅವರ 197 ರೂಪಾಯಿ ಆ ಮೂರು ದಿನದ್ದು. ಜನವರಿಯ ಸಾಲನ್ನು ನೋಡಿದ್ದರೆ ಅಲ್ಲೂ 2,038.36 ಇತ್ತು. ಫೆಬ್ರವರಿಯಲ್ಲಿ ಇಳಿದಿದ್ದನ್ನು ಯಾರೂ ಕೇಳುವುದಿಲ್ಲ.

ದರ ನಿಜವಾಗಿ ಏರಿದೆಯೋ ಎಂದು ತಿಳಿಯಬೇಕಾದರೆ, ಬಾಕಿ ಬದಲಾಗದ ತಿಂಗಳಿನ ಬಡ್ಡಿಯನ್ನು ಅದರ ದಿನಗಳಿಂದ ಭಾಗಿಸಿ. ಎರಡು ತಿಂಗಳಿಗೂ 65.75 ಬಂದರೆ ದರ ಅದೇ ಇದೆ. ಮಾರ್ಚ್‌ಗೆ 68 ಬಂದರೆ ಮಾತ್ರ ಬ್ಯಾಂಕಿಗೆ ಹೋಗಿ ಕೇಳಿ. ಕಂತಿನ ಸಾಲದಲ್ಲಿ ಕಂತು ಬದಲಾಗುವುದಿಲ್ಲ. ದಿನದ ಲೆಕ್ಕವಿದ್ದರೆ ಅದರೊಳಗೆ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದು ತುಸು ಆಚೀಚೆ ಆಗುತ್ತದೆ.

ಈ ಪದದ ತಪ್ಪು ತಿಳಿವಳಿಕೆಯಿಂದ ನಿಜವಾದ ನಷ್ಟವಾಗುವುದು ದುಡ್ಡು ಕಟ್ಟುವಾಗ. “ಹೆಂಗೂ ತಿಂಗಳ ಬಡ್ಡಿ ಬೀಳತೈತಿ, ಕೊನಿಗೆ ಕಟ್ಟಿದ್ರಾತು” ಅಂತ ಸೀರೆ ಮಾರಿದ ಹಣವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕೈಸಾಲಕ್ಕೆ ಆ ಮಾತು ಸರಿ ಇದ್ದೀತು. ಬ್ಯಾಂಕಿನಲ್ಲಿ ಮಾರ್ಚ್ 16ಕ್ಕೆ 50,000 ಕಟ್ಟಿದ್ದರೆ ಮೊದಲ 15 ದಿನಕ್ಕೆ 986.30, ಉಳಿದ 16 ದಿನಕ್ಕೆ ಒಂದೂವರೆ ಲಕ್ಷದ ಮೇಲೆ 789.04, ಒಟ್ಟು 1,775.34 ಬೀಳುತ್ತಿತ್ತು. ವ್ಯಾಪಾರಿ ಆ ಹಣವನ್ನು 31ಕ್ಕೆ ಕಟ್ಟಲು ತಂದಿದ್ದರು.